ಸೋಮವಾರದ ಉತ್ತರ ಗಿರಾಕಿಗೆ ಯಾಕೆ ಮುಟ್ಟುತ್ತಿಲ್ಲ?

"ಬೀದರ್‌ನಲ್ಲಿ ನಮ್ಮದು ಬಿದ್ರಿ ಸಾಮಾನಿನ ಅಂಗಡಿ. ವಾಟ್ಸ್‌ಆ್ಯಪ್ ಬಾಟ್ ಕೂಡಲೇ ಉತ್ತರಿಸುತ್ತದೆ, ಆದರೆ ಶನಿವಾರ ಕೇಳಿದವರಿಗೆ ಸೋಮವಾರ ನಾವು ಬರೆದದ್ದು ಹೋಗುವುದೇ ಇಲ್ಲ. ಯಾಕೆ?"

ಗಿರಾಕಿಗೆ ನಮ್ಮ ಮಾತಿನಲ್ಲೇ ಉತ್ತರಿಸಲು ವಾಟ್ಸ್‌ಆ್ಯಪ್ ಕೊಡುವ 24 ಗಂಟೆಯ ಅವಧಿ ಅಷ್ಟೊತ್ತಿಗೆ ಮುಗಿದಿರುತ್ತದೆ. ಗಿರಾಕಿಯ ಕೊನೆಯ ಮೆಸೇಜಿನಿಂದ ಎಣಿಕೆ ಶುರು. ಅವರು ಮತ್ತೆ ಬರೆದರೆ ಎಣಿಕೆ ಹೊಸದಾಗುತ್ತದೆ. ಬಾಟ್ ಎಷ್ಟು ಉತ್ತರ ಕೊಟ್ಟರೂ ಅವಧಿ ಬೆಳೆಯುವುದಿಲ್ಲ. ಶನಿವಾರ ಸಂಜೆ 7ಕ್ಕೆ ಹೂದಾನಿಯ ಬೆಲೆ ಕೇಳಿದ್ದರೆ, ಭಾನುವಾರ ಸಂಜೆ 7ರ ನಂತರ ಮೆಟಾ ಮೊದಲೇ ಒಪ್ಪಿದ ಸಿದ್ಧ ಮೆಸೇಜು, ಅಂದರೆ ಟೆಂಪ್ಲೇಟ್ ಮಾತ್ರ ಹೋಗುತ್ತದೆ.

ಬಹಳ ಮಂದಿ ಎಡವುವುದು ಇಲ್ಲೇ: ಕಳಿಸಿದಾಗ ಎಪಿಐ ಮೆಸೇಜಿಗೆ ಐಡಿ ಕೊಟ್ಟುಬಿಡುತ್ತದೆ, ಹೋಯಿತು ಅಂದುಕೊಳ್ಳುತ್ತೇವೆ. ಸೋತ ಸುದ್ದಿ ಆಮೇಲೆ ವಾಟ್ಸ್‌ಆ್ಯಪ್ ನಿಮ್ಮ ಸರ್ವರ್‌ಗೆ ಕಳಿಸುವ ಸೂಚನೆಯಲ್ಲಿ, ಅಂದರೆ ವೆಬ್‌ಹುಕ್‌ನಲ್ಲಿ `failed` ಎಂದು, `131047` ಎಂಬ ಕೋಡ್ ಹೊತ್ತು ಬರುತ್ತದೆ. ಅದನ್ನು ಓದದ ಬಾಟ್‌ಗೆ ಏನೂ ಗೊತ್ತಾಗುವುದಿಲ್ಲ.

ಗಿರಾಕಿಯ ಪ್ರತಿ ಮೆಸೇಜಿನ `timestamp` ಉಳಿಸಿಟ್ಟು, ಕಳಿಸುವ ಮುನ್ನ ನೋಡಿ. 24 ಗಂಟೆ ದಾಟಿದ್ದರೆ "ನೀವು ಕೇಳಿದ ಹೂದಾನಿಯ ವಿವರ ಸಿದ್ಧವಿದೆ" ಎಂಬ ಟೆಂಪ್ಲೇಟನ್ನು "ಕಳಿಸಿ" ಬಟನ್ ಸಮೇತ ಕಳಿಸಿ. ಗಿರಾಕಿ ಬಟನ್ ಒತ್ತಿದರೆ ಅದೂ ಅವರ ಮೆಸೇಜೇ. ಹೊಸ 24 ಗಂಟೆ ಸಿಗುತ್ತದೆ. ಫೋಟೊ, ಬೆಲೆ ಎಲ್ಲ ಆಗ ಕಳಿಸಿ.