‘ಹೇಳಿದರೆ ಮಾಡ್ತೇನಲ್ಲ’: ಎರಡು ಸಲ ಬರೆದ ಒಂದು ಪತ್ರ

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಉಡುಪಿಯ ಹೊರವಲಯದಲ್ಲಿ ಮನೆ. ಹೆಂಡತಿಗೆ 36 ವರ್ಷ, ಮಣಿಪಾಲದಲ್ಲಿ ಕಚೇರಿ ಕೆಲಸ. ಗಂಡನಿಗೆ 41, ಬೆಳಿಗ್ಗೆ ಆರೂಮುಕ್ಕಾಲಕ್ಕೆ ಮನೆ ಬಿಟ್ಟು ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ರಾತ್ರಿ ಎಂಟಕ್ಕೆ ಬರುವವರು. ಮೂರನೇ ತರಗತಿಯ ಮಗಳು, ಎಲ್‌ಕೆಜಿಯ ಮಗ, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವ ಮಾವ, ಮೊಣಕಾಲು ನೋವಿನ ಅತ್ತೆ. ಜಗಳ ಜೋರಿನದ್ದಲ್ಲ. ಎರಡು ತಿಂಗಳಿಂದ ಅಗತ್ಯದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಗಂಡ ಕೆಲಸಗಳ್ಳರಲ್ಲ. ರಾತ್ರಿಯ ಪಾತ್ರೆ ಅವರೇ ತೊಳೆಯುತ್ತಾರೆ, ಭಾನುವಾರ ಮೀನು ತಂದು ಕೊಯ್ದು ಕೊಡುತ್ತಾರೆ. ಅವರ ವಾದ ಒಂದೇ: “ಎಂತ ಮಾಡಬೇಕು ಅಂತ ಹೇಳಿದರೆ ಮಾಡ್ತೇನಲ್ಲ. ನಾನು ಯಾವತ್ತಾದರೂ ಇಲ್ಲ ಅಂದದ್ದುಂಟಾ?” ಹೆಂಡತಿಗೆ ಉರಿಯುವುದು ಸರಿಯಾಗಿ ಈ ಮಾತಿಗೇ. ಆದರೆ ಯಾಕೆ ಉರಿಯುತ್ತದೆ ಎಂದು ಹೇಳಲು ಹೊರಟರೆ ಅದು ತಮಗೇ ಸಣ್ಣ ವಿಷಯದಂತೆ ಕೇಳಿಸುತ್ತಿತ್ತು. ಹಾಗಾಗಿ ಪತ್ರ ಬರೆದಿದ್ದರು, 11 ಪುಟ. ಗಂಡ ಎರಡನೇ ಪುಟಕ್ಕೆ ನಿಲ್ಲಿಸಿದ್ದರು.

ಆಪ್ತಸಮಾಲೋಚನೆಯ ಮೊದಲ ಭೇಟಿಗೆ ಹೆಂಡತಿ ಆ ಪತ್ರವನ್ನೇ ತಂದರು. ಮದುವೆಯಾದ ವರ್ಷದ ಸಂಗತಿಯಿಂದ ಶುರು. ಗಂಡ ಓದಿದ ಎರಡು ಪುಟದಲ್ಲೇ ‘ಯಾವತ್ತೂ’, ‘ಒಮ್ಮೆಯೂ’ ಎಂಬ ಮಾತು ಒಂಬತ್ತು ಕಡೆ ಇತ್ತು. ‘ಒಮ್ಮೆಯೂ’ ಎಂದು ಬರೆದರೆ ಓದುವವರ ಮನಸ್ಸು ತಾನು ಮಾಡಿದ ಆ ಒಂದು ಸಲವನ್ನು ಹುಡುಕಲು ಹೋಗುತ್ತದೆ. ಗಂಡನೂ ಹುಡುಕಿ ಇಟ್ಟಿದ್ದರು: ಮಗಳಿಗೆ ಲಸಿಕೆ ಹಾಕಿಸಲು ತಾವೊಬ್ಬರೇ ಕರೆದುಕೊಂಡು ಹೋದ ದಿನ. ಅಲ್ಲಿಂದ ಮುಂದೆ ಮಾತು ಲಸಿಕೆಯದ್ದೇ ಆಯಿತು. ಆ 11 ಪುಟದಲ್ಲಿ ಸುಳ್ಳು ಒಂದೂ ಇರಲಿಲ್ಲ, ಆದರೂ ಹೇಳಬೇಕಾದ್ದು ಅದರಲ್ಲಿ ಇರಲಿಲ್ಲ. ಮಾಡಿದ ಕೆಲಸಗಳ ಲೆಕ್ಕವಿತ್ತು, ತಲೆಯೊಳಗೆ ಓಡುವುದರ ಲೆಕ್ಕವಿರಲಿಲ್ಲ.

ಪತ್ರವನ್ನು ತಿದ್ದುವ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸಲಾಯಿತು. ಗಂಡನ ಎದುರು ಬಾಯಿ ಬಿಡಲು ಭಯವಿದೆಯೇ, ಹಣ ಯಾರ ಕೈಯಲ್ಲಿದೆ, ಹೊಡೆತ ಬೈಗುಳ ಉಂಟೇ ಎಂದು ಹೆಂಡತಿಯನ್ನು ಕೇಳಲೇಬೇಕು. ಇದ್ದರೆ ಪತ್ರ ಪರಿಹಾರವಲ್ಲ, ಅಪಾಯ. ಅಂಥ ಮನೆಯವರಿಗೆ 181 ಮಹಿಳಾ ಸಹಾಯವಾಣಿಯ ದಾರಿ ಬೇರೆ. ಖಿನ್ನತೆಯ ಲಕ್ಷಣಗಳನ್ನೂ ನೋಡಲಾಯಿತು. ಇವರಿಗೆ ನಾಲ್ಕು ಗಂಟೆಗೆ ಎಚ್ಚರವಾಗುತ್ತಿತ್ತು, ಆದರೆ ಎರಡು ದಿನ ತವರಿಗೆ ಹೋದಾಗ ನಿದ್ದೆ ಸರಿಯಾಗಿ ಬರುತ್ತಿತ್ತು. ಎರಡು ವಾರ ಮೀರಿದ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಾಣಲಿಲ್ಲ. ಹಾಗೆ ಕಂಡಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ.

2019ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡ್ಯಾಮಿಂಜರ್ 35 ದಂಪತಿಗಳನ್ನು ಮಾತನಾಡಿಸಿ, ಮನೆಯ ಈ ತಲೆಕೆಲಸವನ್ನು ನಾಲ್ಕು ಭಾಗ ಮಾಡಿದರು: ಬೇಕಾಗುವುದನ್ನು ಮೊದಲೇ ಕಾಣುವುದು, ದಾರಿಗಳನ್ನು ಹುಡುಕುವುದು, ನಿರ್ಧರಿಸುವುದು, ಆಯಿತೋ ಇಲ್ಲವೋ ಎಂದು ನಿಗಾ ಇಡುವುದು. ನಿರ್ಧಾರವನ್ನು ದಂಪತಿಗಳು ಬಹುಪಾಲು ಸೇರಿಯೇ ಮಾಡುತ್ತಾರೆ. ಮೊದಲಿನದ್ದು ಮತ್ತು ಕೊನೆಯದ್ದು ಹೆಂಡತಿಯ ಮೇಲೆ ಹೆಚ್ಚು ಬೀಳುತ್ತದೆ ಎಂಬುದು ಅವರು ಕಂಡದ್ದು. ಈ ಮನೆಯ ಗಂಟು ಇಲ್ಲೇ ಇತ್ತು. “ಎಲ್ಲ ಇಬ್ಬರೂ ಮಾತಾಡಿಯೇ ಮಾಡುವುದು” ಎಂದು ಗಂಡ ಹೇಳಿದ್ದು ನಿಜ. ಅವರು ಬರುತ್ತಿದ್ದದ್ದು ನಿರ್ಧಾರದ ಹೊತ್ತಿಗೆ. ಅದರ ಹಿಂದೆ ಮುಂದೆ ಏನೂ ಇದ್ದಂತೆ ಅವರಿಗೆ ಕಾಣುತ್ತಿರಲಿಲ್ಲ. ಸರ್ಕಾರದ ಸಮಯ ಬಳಕೆ ಸಮೀಕ್ಷೆಗೂ ಅದನ್ನು ಕಾಣುವುದು ಕಷ್ಟವೇ. 2024ರ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ ಎಂದಿದೆ. ಆದರೆ ಬಸ್ಸಿನಲ್ಲಿ ನಿಂತುಕೊಂಡು ಮಾವನ ಮಾತ್ರೆ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿದರೆ ಸಮೀಕ್ಷೆಗೆ ಅದು ಬರೀ ಪ್ರಯಾಣ.

ಎರಡನೇ ಪತ್ರಕ್ಕೆ ಕೊಟ್ಟ ಸೂಚನೆ ಹೀಗಿತ್ತು. ಒಂದೇ ಹಾಳೆ. ಹಿಂದಿನ ಏಳು ದಿನದೊಳಗಿನ ಒಂದೇ ಸಂಗತಿ, ಅದೂ ಗಂಡ ಸಣ್ಣದು ಎಂದುಕೊಂಡಿರುವುದು. ಗಂಡ ಏನು ಮಾಡಲಿಲ್ಲ ಎಂಬುದು ಬೇಡ, ತಮ್ಮ ತಲೆಯಲ್ಲಿ ಏನು ಓಡಿತು ಎಂಬುದು ಗಂಟೆ ಸಮೇತ ಬೇಕು. ಕೊನೆಗೆ ಒಂದೇ ಬೇಡಿಕೆ. ‘ಸ್ವಲ್ಪ ಅರ್ಥ ಮಾಡಿಕೊಳ್ಳಿ’ ಎಂಬುದು ಬೇಡಿಕೆಯಲ್ಲ, ಏಕೆಂದರೆ ಅರ್ಥವಾಯಿತೇ ಎಂದು ನೋಡಲು ಬರುವುದಿಲ್ಲ. ಅವರು ಆರಿಸಿಕೊಂಡದ್ದು ಜುಲೈಯ ಒಂದು ಮಳೆ ರಜೆ. ಮನೆಮಾತು ತುಳುವಾದರೂ ಪತ್ರ ಕನ್ನಡದಲ್ಲೇ ಇತ್ತು. ಜಗಳದ ಭಾಷೆಯಿಂದ ಹೊರಗೆ ಬಂದದ್ದು ಒಳ್ಳೆಯದೇ ಆಯಿತೇನೋ.

“ಮಂಗಳವಾರ ರಾತ್ರಿ ಮಳೆ ನೋಡಿ ನೀವು ‘ನಾಳೆ ರಜೆ ಕೊಡಬಹುದು’ ಅಂದು ಮಲಗಿದಿರಿ. ನಾನು ಹತ್ತೂವರೆಗೆ ಶಾಲೆಯ ಗ್ರೂಪ್ ನೋಡಿದೆ. ಯಾರೋ ಜಿಲ್ಲಾಧಿಕಾರಿಯ ಆದೇಶ ಹಾಕಿದ್ದರು, ತೆರೆದು ನೋಡಿದರೆ ಹೋದ ವರ್ಷದ ತಾರೀಕು. ರಜೆ ಇದ್ದರೆ ಮಕ್ಕಳ ಹತ್ತಿರ ಯಾರು? ಅತ್ತೆಯನ್ನು ಹತ್ತು ಗಂಟೆಗೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು, ಅದನ್ನು ಮುಂದಕ್ಕೆ ಹಾಕಬೇಕು. ನನಗೆ ತಿಂಗಳ ಕೊನೆ, ರಜೆ ಕೇಳಿದರೆ ಸಿಗುವುದಿಲ್ಲ. ಪಕ್ಕದ ಮನೆ ಅಕ್ಕನಿಗೆ ಎರಡು ವಾರದಲ್ಲಿ ಮೂರು ಸಲ ಹೇಳಿಯಾಗಿದೆ, ನಾಲ್ಕನೇ ಸಲ ಹೇಗೆ ಹೇಳುವುದು? ರಜೆ ಇಲ್ಲದಿದ್ದರೆ ಮಗಳ ಎರಡನೇ ಜೊತೆ ಯೂನಿಫಾರ್ಮ್ ಒಣಗಿರಲಿಲ್ಲ, ಫ್ಯಾನಿನ ಕೆಳಗೆ ಹಾಕಿದೆ. ಎರಡಕ್ಕೂ ತಯಾರಿ ಮಾಡಿ ಮಲಗಿದೆ. ಐದೂವರೆಗೆ ಎದ್ದು ಮತ್ತೆ ಫೋನ್ ನೋಡಿದೆ. ಆರಕ್ಕೆ ರಜೆ ಅಂತ ಬಂತು. ವ್ಯಾನಿನವರಿಗೆ ಫೋನ್ ಮಾಡಿದೆ. ನೀವು ಆರೂಕಾಲಕ್ಕೆ ಕಾಫಿ ಕುಡಿಯುತ್ತಾ ‘ರಜೆಯಾ? ಒಳ್ಳೆಯದಾಯಿತು’ ಅಂದಿರಿ. ಎಂತ ಮಾಡಬೇಕು ಹೇಳು ಅನ್ನುತ್ತೀರಿ. ಹೇಳಬೇಕಾದರೆ ಇಷ್ಟನ್ನೂ ನಾನು ಮೊದಲು ಯೋಚಿಸಿ ಮುಗಿಸಿರಬೇಕು. ಆಮೇಲೆ ಉಳಿಯುವುದು ವ್ಯಾನಿನವರಿಗೆ ಒಂದು ಫೋನ್ ಮಾತ್ರ. ಈ ಮಳೆಗಾಲ ಮುಗಿಯುವವರೆಗೆ ಮಳೆ ರಜೆಯ ಯೋಚನೆ ಪೂರ್ತಿ ನಿಮ್ಮದಾಗಬೇಕು ಎಂದು ಕೇಳುತ್ತಿದ್ದೇನೆ.”

ಇದನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ ಎಂದು ಹೇಳಲಾಗಿತ್ತು. ಅಲ್ಲಿ ಅರ್ಧ ಓದುವಷ್ಟರಲ್ಲೇ ಉತ್ತರ ಹೊರಡುತ್ತದೆ. ಗಂಡ ಕಾಗದವನ್ನು ಒಬ್ಬರೇ ಓದಿದರು. ಒಂದು ದಿನ ಉತ್ತರ ಕೊಡುವಂತಿರಲಿಲ್ಲ. ಮೊದಲ ಉತ್ತರದಲ್ಲಿ ಸಮರ್ಥನೆಯಾಗಲಿ ಕ್ಷಮೆಯಾಗಲಿ ಬೇಡ, ತಮಗೆ ಅರ್ಥವಾದದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು ಎಂಬ ನಿಯಮ. ಕ್ಷಮೆ ಬೇಗ ಬಂದರೆ ವಿಷಯ ಅಲ್ಲಿಗೇ ಮುಚ್ಚಿಹೋಗುತ್ತದೆ. ಅವರು ಹೇಳಿದ್ದು: “ರಜೆ ಬರದಿದ್ದರೂ ಇವಳು ರಜೆಯ ಕೆಲಸ ಮಾಡಿರ್ತಾಳೆ ಅಂತ ಗೊತ್ತಿರಲಿಲ್ಲ.”

ಗಂಡನಿಗೆ ಒಪ್ಪಿಸಲು ಎರಡು ಕೆಲಸ ಆರಿಸಲಾಯಿತು: ಮಳೆ ರಜೆ ಮತ್ತು ಮಾವನ ಮಾತ್ರೆ. ಎರಡನ್ನೂ ಒಂದೇ ರೀತಿ ಬಿಟ್ಟುಕೊಡಲು ಬರುವುದಿಲ್ಲ. ರಜೆ ಗೊತ್ತಾಗದೆ ಮಗು ಬೀಗ ಹಾಕಿದ ಶಾಲೆಯ ಗೇಟಿನವರೆಗೆ ಹೋಗಿ ಬಂದರೆ ಮುಜುಗರ, ಅಷ್ಟೇ. ಆ ತಪ್ಪನ್ನು ಆಗಗೊಡಬಹುದು. ಮಾತ್ರೆ ತಪ್ಪಿದರೆ ತೊಂದರೆ ಮಾವನಿಗೆ. ಅದಕ್ಕೆ ಕನಿಷ್ಠ ಮಟ್ಟ ಬರೆದಿಡಲಾಯಿತು: ಮನೆಯಲ್ಲಿ ಯಾವಾಗಲೂ ಏಳು ದಿನದ ಮಾತ್ರೆ ಇರಬೇಕು, ಭಾನುವಾರ ಏಳು ಖಾನೆಗಳ ಮಾತ್ರೆ ಡಬ್ಬಿ ತುಂಬುವಾಗ ಎಣಿಸಬೇಕು. ಹೆಂಡತಿ ಬಾಯಿ ಹಾಕುವುದು ಆ ಮಟ್ಟಕ್ಕಿಂತ ಕೆಳಗೆ ಹೋದರೆ ಮಾತ್ರ. ಗಂಡನಿಗೆ ಇದು ಲೆಕ್ಕ ಎಂದು ಆಗ ತಿಳಿಯಿತು. ಬಿಪಿಯ ಮಾತ್ರೆ ದಿನಕ್ಕೆ ಒಂದು, ಮಾತ್ರೆಯ ಒಂದು ಪಟ್ಟಿಯಲ್ಲಿ 15. ಸಕ್ಕರೆಯದ್ದು ದಿನಕ್ಕೆ ಎರಡು, ಪಟ್ಟಿಯಲ್ಲಿ 10. ಎರಡನ್ನೂ ಎರಡೆರಡು ಪಟ್ಟಿ ತಂದರೆ ಒಂದು 30 ದಿನ ಬರುತ್ತದೆ, ಇನ್ನೊಂದು ಹತ್ತೇ ದಿನ. ಎರಡೂ ಒಟ್ಟಿಗೆ ಮುಗಿಯಬೇಕಾದರೆ ಬಿಪಿಯದ್ದು ಎರಡು ಪಟ್ಟಿಗೆ ಸಕ್ಕರೆಯದ್ದು ಆರು.

ಮೊದಲ ಎರಡು ವಾರ ಕೆಟ್ಟದಾಗಿಯೇ ಹೋಯಿತು, ಹೋಗುವುದೂ ಹಾಗೆಯೇ. ಗಂಡ ಮೆಡಿಕಲಿನಿಂದ ಫೋನ್ ಮಾಡಿ “ಯಾವ ಕಂಪೆನಿಯದ್ದು?” ಎಂದು ಕೇಳಿದರು. ಪ್ರಶ್ನೆ ಹಿಂದಕ್ಕೆ ಬಂದರೆ ಕೆಲಸವೂ ಹಿಂದಕ್ಕೆ ಬಂದಂತೆ. ಚೀಟಿಯ ಫೋಟೊ ಅವರ ಫೋನಿನಲ್ಲೇ ಇರಬೇಕು, ಅನುಮಾನವಿದ್ದರೆ ಡಾಕ್ಟರನ್ನು ಕೇಳಬೇಕು ಎಂದು ಸರಿಪಡಿಸಲಾಯಿತು. ಹೆಂಡತಿಯ ತಪ್ಪೂ ಇತ್ತು. ಗಂಡ ಶನಿವಾರ ತರುತ್ತೇನೆ ಎಂದಿದ್ದರೂ ಗುರುವಾರವೇ “ತಂದ್ರಾ?” ಎಂದು ಎರಡು ಸಲ ಕೇಳಿದ್ದರು. ನೆನಪಿಸುತ್ತಿರುವವರೆಗೆ ನಿಗಾ ಅವರದ್ದೇ, ಭಾರ ಇಳಿದಿಲ್ಲ. ಮತ್ತೆ ಅತ್ತೆ: “ಅವನು ಬಸ್ಸಿನಲ್ಲಿ ಬೆಂದು ಬರ್ತಾನೆ, ಇದನ್ನೂ ಅವನೇ ನೋಡಬೇಕಾ?” ಅದಕ್ಕೆ ಉತ್ತರ ಹೇಳುವ ಕೆಲಸ ಗಂಡನದ್ದು, ಸೊಸೆಯದ್ದಲ್ಲ ಎಂದು ಮೊದಲೇ ಮಾತಾಗಿತ್ತು. ಅವರು ಹೇಳಿದರು, ಕಷ್ಟಪಟ್ಟು.

ಎಷ್ಟೋ ಮನೆಗಳಲ್ಲಿ ಮರೆತುಹೋಗುವ ವಿಷಯ ಫೋನ್ ನಂಬರಿನದ್ದು. ಶಾಲೆಯ ದಾಖಲೆಯಲ್ಲಿ, ವ್ಯಾನಿನವರ ಹತ್ತಿರ, ಕ್ಲಿನಿಕ್ಕಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ ಹೆಂಡತಿಯ ನಂಬರೇ ಇದ್ದರೆ ಕೆಲಸ ಯಾರ ಹೆಸರಿಗೆ ಬರೆದರೂ ಸುದ್ದಿ ಬರುವುದು ಅವರಿಗೇ. ಸಿಲಿಂಡರ್ ತಂದವನು ಕೇಳುವ ಕೋಡ್ ಕೂಡ ನೋಂದಾಯಿತ ಮೊಬೈಲಿಗೇ ಬರುವುದು. ಕೆಲಸ ಒಪ್ಪಿಸಿದ ವಾರವೇ ನಂಬರನ್ನೂ ಬದಲಿಸಬೇಕು. ಈ ಮನೆಯಲ್ಲಿ ಅದಕ್ಕೆ ಒಂದು ಶನಿವಾರ ಬೆಳಿಗ್ಗೆ ಪೂರ್ತಿ ಹೋಯಿತು.

ಭಾನುವಾರ ಸಂಜೆ ಕಾಫಿಯ ನಂತರ 20 ನಿಮಿಷ ಕುಳಿತು ಮುಂದಿನ ಎರಡು ವಾರ ನೋಡುವ ಕ್ರಮ ಮಾಡಿಕೊಡಲಾಯಿತು, ಅಡುಗೆಮನೆಯಿಂದ ಹೊರಗೆ. ಅಲ್ಲಿ ಒಂದೇ ಪ್ರಶ್ನೆ: ಯಾವುದು ಯಾರ ತಲೆಯಲ್ಲಿದೆ? ಮೂರನೇ ಭಾನುವಾರ ಗಂಡ ತಮ್ಮದೊಂದು ಪಟ್ಟಿ ತಂದರು. ಬಾವಿಯ ಪಂಪು, ಸ್ಕೂಟರಿನ ವಿಮೆ, ಮನೆ ಸಾಲದ ಕಂತು, ಅಪ್ಪನ ಪಿಂಚಣಿಯ ಜೀವಿತ ಪ್ರಮಾಣಪತ್ರ. ಇವುಗಳಲ್ಲಿ ಎರಡು ಹೆಂಡತಿಗೆ ಹೊಸ ಸುದ್ದಿ. ಕಾಣದ ಭಾರ ಆ ಕಡೆಯೂ ಸ್ವಲ್ಪ ಇತ್ತು. ಆದರೆ ಅವರ ಪಟ್ಟಿಯ ಕೆಲಸಗಳಿಗೆ ತಾರೀಕು ಉಂಟು, ಬಹುಪಾಲು ವರ್ಷಕ್ಕೊಮ್ಮೆ ತಿಂಗಳಿಗೊಮ್ಮೆ ಬಂದು ಹೋಗುತ್ತವೆ. ಮಳೆ ರಜೆಗೆ ತಾರೀಕಿಲ್ಲ. ಈ ವ್ಯತ್ಯಾಸವನ್ನು ಗಂಡನೇ ಗುರುತಿಸಿದರು.

ಮೂರು ತಿಂಗಳ ನಂತರದ ಭೇಟಿಯಲ್ಲಿ ಮಾತ್ರೆ ಪೂರ್ತಿ ಗಂಡನ ಕೈಯಲ್ಲಿತ್ತು, ಒಮ್ಮೆಯೂ ಏಳು ದಿನಕ್ಕಿಂತ ಕೆಳಗೆ ಹೋಗಿರಲಿಲ್ಲ. ಮಳೆ ರಜೆ ಒಂದು ಸಲ ತಪ್ಪಿ, ಮಗಳು ಗೇಟಿನವರೆಗೆ ಹೋಗಿ ಬಂದಿದ್ದಳು, ಹೆಂಡತಿ ಸುಮ್ಮನಿದ್ದರು. ಹಬ್ಬದ ಕೆಲಸಗಳು ಹಾಗೇ ಉಳಿದಿವೆ. ಅರಿಶಿನ ಎಲೆ, ನಾಗನಿಗೆ ಸೀಯಾಳ, ಯಾರ ಮನೆಗೆ ಯಾವಾಗ ಹೋಗಬೇಕು ಎಂಬ ಲೆಕ್ಕವನ್ನು ಬಿಟ್ಟುಕೊಡಲು ಹೆಂಡತಿಗೇ ಮನಸ್ಸಿಲ್ಲ. ಅದನ್ನು ಒತ್ತಾಯಿಸಲಿಲ್ಲ. ನಾಲ್ಕು ಗಂಟೆಯ ಎಚ್ಚರ ವಾರಕ್ಕೆ ಎರಡು ದಿನಕ್ಕೆ ಇಳಿದಿದೆ.