ತಣ್ಣಗಾದಷ್ಟೂ ಘನವಸ್ತುವಿನ ಉಷ್ಣಧಾರಕತೆ ಕುಸಿಯುವುದೇಕೆ?

ಪ್ರಶ್ನೆ: ತಾಪ ಪರಮ ಸೊನ್ನೆಯತ್ತ ಇಳಿದಂತೆ ಘನವಸ್ತುವಿನ ಉಷ್ಣಧಾರಕತೆಯೂ, ಅಂದರೆ ಅದರ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖವೂ, ಸೊನ್ನೆಯಾಗುವುದೇಕೆ? ಆಗ ಅದು ತಾಪದ ಮೂರನೇ ಘಾತಕ್ಕೆ, ಅಂದರೆ T³ ಗೆ, ಅನುಪಾತದಲ್ಲಿರುವುದೇಕೆ?

ಉತ್ತರ: ತಣ್ಣಗಿನ ಹರಳಿನಲ್ಲಿ ಬಹುಪಾಲು ಕಂಪನಗಳು ಶಾಖವನ್ನು ತೆಗೆದುಕೊಳ್ಳಲಾರದೆ ಹೆಪ್ಪುಗಟ್ಟಿರುತ್ತವೆ. ಶಾಖವನ್ನು ಹಿಡಿದಿಡುವವರೇ ಕಡಿಮೆಯಾದರೆ ಉಷ್ಣಧಾರಕತೆಯೂ ಇಳಿಯುತ್ತದೆ.

ಪರಮಾಣುಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಅವು ಅಲೆಗಳಾಗಿ ಕಂಪಿಸುತ್ತವೆ. ಪ್ರತಿ ಅಲೆಯೂ ಶಕ್ತಿಯನ್ನು ಇಡಿ ಇಡಿ ಕಂತುಗಳಲ್ಲಷ್ಟೇ ಪಡೆಯುತ್ತದೆ. ಆವೃತ್ತಿ ν ಆದರೆ ಒಂದು ಕಂತು hν; ಇಲ್ಲಿ h ಎಂಬುದು ಪ್ಲಾಂಕ್ ನಿಯತಾಂಕ. ತಾಪ T ಯಲ್ಲಿ ಸಿಗುವ ಶಕ್ತಿ ಸುಮಾರು kT ಯಷ್ಟು ಮಾತ್ರ; k ಎಂಬುದು ಬೋಲ್ಟ್ಸ್‌ಮನ್ ನಿಯತಾಂಕ. ಅದಕ್ಕಿಂತ ದೊಡ್ಡ ಕಂತು ಕೇಳುವ ಅಲೆಗಳು ಸುಮ್ಮನಿರುತ್ತವೆ. ವಜ್ರದ ಬಂಧಗಳು ಬಿಗಿ, ಪರಮಾಣುಗಳು ಹಗುರ. ಹಾಗಾಗಿ ಅದರ ಆವೃತ್ತಿಗಳು ಎಷ್ಟು ಹೆಚ್ಚೆಂದರೆ, ನಮ್ಮ ಕೋಣೆಯ ತಾಪವೇ ಅದಕ್ಕೆ ಚಳಿ!

ಇನ್ನು T³ ಬರುವುದು ನಮ್ಮ ಜಗತ್ತಿಗೆ ಮೂರು ಆಯಾಮಗಳಿರುವುದರಿಂದ. ಒಂದು ಆವೃತ್ತಿಗಿಂತ ಕೆಳಗಿರುವ ಅಲೆಗಳ ಸಂಖ್ಯೆ, ಆ ಆವೃತ್ತಿಯನ್ನು ತ್ರಿಜ್ಯವಾಗಿ ಹೊಂದಿದ ಗೋಳದ ಗಾತ್ರದಂತೆ ν³ ಆಗಿ ಬೆಳೆಯುತ್ತದೆ. ಎಚ್ಚರವಾಗಿರುವ ಅಲೆಗಳ ಗರಿಷ್ಠ ಆವೃತ್ತಿ T ಗೆ ಅನುಪಾತದಲ್ಲಿರುವುದರಿಂದ ಅವುಗಳ ಸಂಖ್ಯೆ T³ ರಷ್ಟು. ಒಂದೊಂದರಲ್ಲೂ ಸುಮಾರು kT ಶಕ್ತಿ ಇರುವುದರಿಂದ ಒಟ್ಟು ಶಕ್ತಿ T⁴ ಆಗಿ, ಉಷ್ಣಧಾರಕತೆ T³ ಆಗುತ್ತದೆ. 1912ರಲ್ಲಿ ಪೀಟರ್ ಡಿಬೈ ಕಂಡುಕೊಂಡದ್ದು ಇದನ್ನೇ. ತಾಪ ಅರ್ಧಕ್ಕಿಳಿದರೆ ಉಷ್ಣಧಾರಕತೆ ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ.

ಲೋಹಗಳಲ್ಲಿ ಮಾತ್ರ ಒಂದು ತೊಡಕಿದೆ. ಅಲ್ಲಿನ ಸ್ವತಂತ್ರ ಎಲೆಕ್ಟ್ರಾನುಗಳ ಪಾಲು T ಗೆ ನೇರ ಅನುಪಾತದಲ್ಲಿದ್ದು, ನಿಧಾನವಾಗಿ ಇಳಿಯುತ್ತದೆ. ತಾಮ್ರದಲ್ಲಿ ಸುಮಾರು 4 ಕೆಲ್ವಿನ್ ಹೊತ್ತಿಗೆ ಈ ಪಾಲೂ ಕಂಪನಗಳ ಪಾಲೂ ಸಮವಾಗುತ್ತವೆ. ಇವನ್ನು ಬೇರ್ಪಡಿಸಲು ಉಷ್ಣಧಾರಕತೆ C ಯನ್ನು T ಯಿಂದ ಭಾಗಿಸಿ, ಆ C/T ಯನ್ನು T² ಗೆ ಎದುರಾಗಿ ನಕ್ಷೆ ಬರೆಯುತ್ತಾರೆ: ಸರಳರೇಖೆಯ ಇಳಿಜಾರು ಕಂಪನಗಳದ್ದು, ಲಂಬ ಅಕ್ಷವನ್ನು ಅದು ಕಡಿಯುವ ಎತ್ತರ ಎಲೆಕ್ಟ್ರಾನುಗಳದ್ದು.