stETH ಅಡ ಇಟ್ಟು ಸಾಲ

ಪ್ರಶ್ನೆ: stETH ಅಂದ್ರೆ ನಿಜಕ್ಕೂ ಏನು? ಅದನ್ನೇ ಅಡ ಇಟ್ಟು ಸಾಲ ತಗೊಂಡ್ರೆ ಅಪಾಯ ಜಾಸ್ತೀನಾ?

ಲೈಡೋ ಎಂಬ ಸೇವೆಯಲ್ಲಿ ಈಥರ್ ಸ್ಟೇಕ್ ಮಾಡಿದಾಗ, ಅಂದರೆ ಇಥೀರಿಯಂ ಜಾಲದ ಆ ನಾಣ್ಯವನ್ನು ಜಾಲ ನಡೆಸಲು ಒತ್ತೆಯಿಟ್ಟು ಗಳಿಸಲು ಹೊರಟಾಗ, ಸಿಗುವ ರಸೀದಿ ಅದು. ಅಸಲು ಈಥರ್ ಆ ಜಾಲದ ವಹಿವಾಟು ಪರಿಶೀಲಿಸುವ ವ್ಯಾಲಿಡೇಟರ್‌ಗಳಲ್ಲಿ ಇರುತ್ತದೆ. ಅದರ ಗಳಿಕೆಯ ಬಹುಪಾಲೂ ನಿಮ್ಮದೇ, ದಂಡ ಬಿದ್ದರೆ ಕಡಿತವೂ ನಿಮ್ಮದೇ. ವಾಪಸ್ ಬೇಕಂದ್ರೆ ಸರದಿಯಲ್ಲಿ ಕಾಯಬೇಕು, ಇಲ್ಲವೇ ಮಾರುಕಟ್ಟೆಯಲ್ಲಿ ಸಿಕ್ಕ ಬೆಲೆಗೆ ಮಾರಬೇಕು.

ಹೌದು, ಅಡ ಇಟ್ಟು ಸಾಲ ತಗೊಂಡ್ರೆ ಅಪಾಯ ಜಾಸ್ತಿ. 10 stETH ಅಡ ಇಟ್ಟು 7 ಈಥರ್ ಸಾಲ ತೆಗೆದಿರಿ ಅಂದುಕೊಳ್ಳಿ. ಅದನ್ನೂ ಸ್ಟೇಕ್ ಮಾಡಿ ಅಡ ಇಟ್ಟು, ಮತ್ತೆ 4.9 ತೆಗೆದು ಹಾಗೇ ಸೇರಿಸಿದಿರಿ. ಈಗ ಅಡ 21.9, ಸಾಲ 11.9. ಈಥರ್ ಎದುರು stETH 5% ಇಳಿದರೆ ಸುಮಾರು 1.1 ಈಥರ್ ಹೋಯಿತು, ಅಂದರೆ ನಿಮ್ಮ ಸ್ವಂತ ಹಣದ 11%! ಇನ್ನಷ್ಟು ಸುತ್ತು ಹಾಕಿದ್ದರೆ ಅಡವೇ ಹರಾಜಿಗೆ ಬರಬಹುದು. ಹಾಗೆ ಮಾರಾಟವಾದ stETH ಬೆಲೆಯನ್ನು ಇನ್ನೂ ಕೆಳಗೆ ತಳ್ಳುತ್ತದೆ.

2022ರ ಜೂನ್‌ನಲ್ಲಿ ಬೆಲೆ ಸುಮಾರು ಅಷ್ಟೇ ಇಳಿದಿತ್ತು. ಆಗ ಈಥರ್ ವಾಪಸ್ ಪಡೆಯುವ ದಾರಿಯೇ ತೆರೆದಿರಲಿಲ್ಲ, 2023ರಲ್ಲಷ್ಟೇ ತೆರೆಯಿತು. ಬೆಲೆ ಸುಮ್ನೆ ಇದ್ದರೂ, ಸಾಲದ ಬಡ್ಡಿ ಸ್ಟೇಕಿಂಗ್ ಗಳಿಕೆಯನ್ನು ದಾಟಿದ ದಿನದಿಂದ ಪ್ರತಿ ಸುತ್ತೂ ನಷ್ಟವೇ. ನಾನಾದರೆ ಮೊದಲು ನೋಡುವುದು ಆ ಬಡ್ಡಿಯನ್ನೇ.